ಎಡ ಮಂಡಿಗೂ ಅಷ್ಟೇ ವಯಸ್ಸು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಆರೂಮುಕ್ಕಾಲಿಗೆ ನಾವು ಐದು ಜನ ಒಂದು ಬೆಂಚು ಹಿಡಿಯುತ್ತೇವೆ. ನಾವು ವಾಕಿಂಗ್‌ಗೆ ಹೋಗುತ್ತೇವೆಂದು ಐವರ ಮನೆಯವರೂ ನಂಬಿದ್ದಾರೆ. ನಡೆಯುವುದು ನಿಜವೇ: ಗೇಟಿನಿಂದ ಬೆಂಚಿನವರೆಗೆ, ಬೆಂಚಿನಿಂದ ಗೇಟಿನವರೆಗೆ. ನಡುವಿನ ಒಂದು ಗಂಟೆ ಕೂತು ಮಾತಾಡುತ್ತೇವೆ. ಮಾತಾಡುವುದು ಎಂದರೂ ಅರ್ಧ ಸುಳ್ಳು. ನಗುತ್ತೇವೆ.

ನನಗೆ 67. ದೂರವಾಣಿ ಇಲಾಖೆಯಲ್ಲಿ ಟ್ರಂಕ್ ಆಪರೇಟರ್ ಆಗಿ ಸೇರಿ, ಆ ಕೆಲಸವೇ ಇಲ್ಲವಾದ ಮೇಲೆ ಬೇರೆ ಬೇರೆ ಮೇಜುಗಳನ್ನು ಸುತ್ತಿ ನಿವೃತ್ತಳಾದವಳು. ನಿವೃತ್ತ ನರ್ಸ್ ಒಬ್ಬರಿದ್ದಾರೆ, ವಯಸ್ಸು 70. ಅವರನ್ನು ಅವರ ಮೊಮ್ಮಕ್ಕಳನ್ನು ಬಿಟ್ಟು ಊರಿಗೆ ಊರೇ ‘ಸಿಸ್ಟರ್’ ಎಂದು ಕರೆಯುತ್ತದೆ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರಿಗೆ 72. ನಮ್ಮ ಬಾಯಲ್ಲಿ ಅವರು ‘ಡಿಪೋ’. ಗಣಿತದ ಮೇಷ್ಟ್ರಿಗೆ 78. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ರಾಯರಿಗೆ 81. ಒಟ್ಟು 368 ವರ್ಷ ಎಂದು ಮೇಷ್ಟ್ರು ಕೂಡಿ ಇಟ್ಟಿದ್ದಾರೆ. ಸರಾಸರಿ 73.6. "ಚಿಕ್ಕವರೊಬ್ಬರನ್ನು ಸೇರಿಸಿಕೊಂಡರೆ ಸರಾಸರಿ ಇಳಿಯುತ್ತದೆ, ಆದರೆ ಅವರಿಗೆ ಕಾಯಿಲೆ ಕಮ್ಮಿ, ಮಾತಿಗೆ ವಿಷಯವೇ ಇರುವುದಿಲ್ಲ" ಎಂಬುದು ಅವರ ಆಕ್ಷೇಪಣೆ.

ಆ ಬೆಂಚಿನಲ್ಲಿ ಮೊದಲು ಕೂರುತ್ತಿದ್ದವರು ನನ್ನ ಯಜಮಾನರು. ಅವರು ಹೋದ ಎರಡು ತಿಂಗಳಿಗೆ ಒಂದು ಬೆಳಗ್ಗೆ ನಾನು ಅತ್ತ ಹೋದೆ. ಸಮಾಧಾನ ಹೇಳುತ್ತಾರೇನೋ ಎಂಬ ಭಯವಿತ್ತು. ಅಷ್ಟರಲ್ಲಿ ಸಮಾಧಾನ ಕೇಳಿ ಕೇಳಿ ಸುಸ್ತಾಗಿತ್ತು. ಡಿಪೋ ಸರಿದು ಜಾಗ ಬಿಟ್ಟರು. ಮೇಷ್ಟ್ರು ಕೇಳಿದರು: "ಕೂರುವಾಗ ಅಯ್ಯಪ್ಪಾ ಅನ್ನುತ್ತೀರೋ, ಏಳುವಾಗ ಅನ್ನುತ್ತೀರೋ?" ಎರಡಕ್ಕೂ ಅನ್ನುತ್ತೇನೆ ಎಂದೆ. "ಹಾಗಾದರೆ ಸದಸ್ಯತ್ವ ಕೊಡಬಹುದು" ಎಂದರು. ಎರಡು ತಿಂಗಳಲ್ಲಿ ನಾನು ಮೊದಲ ಸಲ ನಕ್ಕದ್ದು ಅಂದು.

ಹಳೆಯ ನಗೆಹನಿಯೊಂದನ್ನು ನೀವೂ ಕೇಳಿರುತ್ತೀರಿ. ಬಲ ಮಂಡಿ ನೋವು ಎಂದು ಹೋದ ಅಜ್ಜಿಗೆ ಡಾಕ್ಟರು "ವಯಸ್ಸಾಯಿತಲ್ಲ ತಾಯಿ" ಎನ್ನುತ್ತಾರೆ. ಅಜ್ಜಿ ಹೇಳುತ್ತಾಳೆ: "ಎಡ ಮಂಡಿಗೂ ಅಷ್ಟೇ ವಯಸ್ಸಪ್ಪ, ಅದು ನೋಯುತ್ತಿಲ್ಲವಲ್ಲ!" ನಮ್ಮ ಬೆಂಚಿನಲ್ಲಿ ಇದು ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಇಷ್ಟು ಸವೆದರೂ ಅದೇಕೆ ಹಳಸಿಲ್ಲ ಎಂದು ಯೋಚಿಸಿದ್ದೇನೆ. ಅಜ್ಜಿ ತಮಾಷೆ ಮಾಡುತ್ತಿಲ್ಲ, ವಾದ ಮಾಡುತ್ತಿದ್ದಾಳೆ. ಆ ವಾದ ಸರಿಯಾಗಿಯೂ ಇದೆ. ವಯಸ್ಸೊಂದೇ ಕಾರಣವಾಗಿದ್ದರೆ ಎರಡೂ ಮಂಡಿ ಒಟ್ಟಿಗೆ ನೋಯಬೇಕಿತ್ತು. ಹಳೆಯ ಪೆಟ್ಟು, ಮೈಭಾರ, ನಡೆಯುವಾಗ ಯಾವ ಕಾಲಿನ ಮೇಲೆ ಹೆಚ್ಚು ಊರುತ್ತೇವೆ, ತೊಡೆಯ ಸ್ನಾಯು ಎಷ್ಟು ಸೋತಿದೆ, ಇವೆಲ್ಲ ಸೇರುತ್ತವೆ. ಸಿಸ್ಟರ್ ಇನ್ನೊಂದು ವಿಷಯ ಹೇಳಿದರು. ಸವೆಯುತ್ತದೆ ಎನ್ನುವ ಆ ಮೆದು ಎಲುಬಿಗೆ ನರಗಳೇ ಇಲ್ಲವಂತೆ. ನೋಯುವುದು ಅದರ ಕೆಳಗಿನ ಎಲುಬು, ಕೀಲಿನ ಒಳಪೊರೆ ಮತ್ತು ಸುತ್ತಲಿನ ಭಾಗ. ಹಾಗಾಗಿಯೇ ಎಕ್ಸ್-ರೇಯಲ್ಲಿ ಮಂಡಿ ಪೂರ್ತಿ ಸವೆದವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಬರುವುದೂ ಉಂಟು, ಎಕ್ಸ್-ರೇ ಚೆನ್ನಾಗಿದೆ ಎನಿಸಿಕೊಂಡವರು ಹೊಸಿಲು ದಾಟಲು ಒದ್ದಾಡುವುದೂ ಉಂಟು. ಇಷ್ಟೆಲ್ಲ ಇರುವಾಗ "ವಯಸ್ಸಾಯಿತಲ್ಲ" ಎಂಬ ಒಂದು ಮಾತಿನಲ್ಲಿ ಮುಗಿಸಿ ಕಳಿಸಿದರೆ ಅಜ್ಜಿಗೆ ಉಳಿಯುವುದು ಆ ಒಂದು ವಾಕ್ಯ ಮಾತ್ರ. ಅದನ್ನು ಅವಳು ಬಿಡುವುದಿಲ್ಲ, ನಾವೂ ಬಿಟ್ಟಿಲ್ಲ.

ಬೆಂಚಿನ ಮಂಡಿಪುರಾಣದ ಬಹುಪಾಲು ಡಿಪೋ ಅವರ ಬಾಯಲ್ಲಿ ಬಸ್ಸಿನ ಭಾಷೆಯಲ್ಲಿ ಬರುತ್ತದೆ. "ನಮ್ಮದೆಲ್ಲ ಎಫ್‌ಸಿ ಮುಗಿದ ಗಾಡಿ. ಬಿಡಿಭಾಗ ಮಾರುಕಟ್ಟೆಯಲ್ಲಿ ಇಲ್ಲ. ಬೆಳಗ್ಗೆ ತಳ್ಳಿದರೆ ಮಾತ್ರ ಸ್ಟಾರ್ಟ್." ತಳ್ಳುವುದು ಎಂದರೆ ಹಾಸಿಗೆಯ ಅಂಚಿನಲ್ಲಿ ಕೂತು, ತೊಡೆಯ ಮೇಲೆ ಕೈಯೂರಿ, "ಒಂದು, ಎರಡು, ಎರಡೂವರೆ..." ಎಂದು ಎಣಿಸಿ ಎದ್ದು ನಿಲ್ಲುವುದು. ಆ ಎರಡೂವರೆ ಅವರದೇ ಸೇರ್ಪಡೆ. ಮೂರು ಎಂದರೆ ಏಳಲೇಬೇಕಾಗುತ್ತದೆ, ಅದಕ್ಕೊಂದು ಮೊದಲಿನ ನಿಲ್ದಾಣ ಇರಲಿ ಎಂದು. ಎದ್ದ ಮೇಲೆ ಹತ್ತು ಹದಿನೈದು ನಿಮಿಷ ಕೀಲು ಹಿಡಿದುಕೊಂಡಿದ್ದು ಆಮೇಲೆ ಸಡಿಲವಾಗುತ್ತದೆ. ಇದು ಸವೆತದ ನೋವಿನ ರೀತಿಯಂತೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಒಂದು ಗಂಟೆಗೂ ಬಿಡದೆ, ಕೀಲು ಬಾತು ಬಿಸಿಯಾಗಿದ್ದರೆ ಅದು ಬೇರೆ ಜಾತಿಯ ಸಂಧಿವಾತ ಇರಬಹುದು, ಬೇಗ ತೋರಿಸಬೇಕು ಎಂದು ಸಿಸ್ಟರ್ ಹೇಳಿದರು. ಹೇಳಿ ತಕ್ಷಣ ನಾಲಿಗೆ ಕಚ್ಚಿಕೊಂಡರು. ನಮ್ಮ ಬೆಂಚಿನಲ್ಲಿ ಸಲಹೆ ಕೊಟ್ಟವರಿಗೆ ದಂಡವಿದೆ: ಐದು ಕಾಫಿ. ಅತಿ ಹೆಚ್ಚು ದಂಡ ಕಟ್ಟಿರುವವರು ಸಿಸ್ಟರ್, ಬಹುಶಃ ಅತಿ ಹೆಚ್ಚು ಉಪಕಾರ ಮಾಡಿರುವವರೂ ಅವರೇ.

ಈ ದಂಡದ ನಿಯಮವನ್ನು ಯಾರು ತಂದರೋ ನೆನಪಿಲ್ಲ (ನೆನಪಿಲ್ಲ ಎಂಬುದಕ್ಕೆ ನಮ್ಮಲ್ಲಿ ದಂಡವಿಲ್ಲ). ಆದರೆ ಬೆಂಚನ್ನು ಬೆಂಚಾಗಿ ಇಟ್ಟಿರುವುದು ಅದೇ ಎಂದು ನನ್ನ ನಂಬಿಕೆ. ಮನೆಯಲ್ಲಿ ಏನಾಗುತ್ತದೆ ನೋಡಿ. ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ, "ನಿನ್ನೆ ಎದುರುಮನೆಯವರ ಹೆಸರೇ ಬಾಯಿಗೆ ಬರಲಿಲ್ಲ ಕಣೇ" ಎಂದು ನಗುತ್ತಾ ಹೇಳಿದೆ. ಅತ್ತ ಕಡೆ ಎರಡು ಕ್ಷಣ ಮೌನ. ಟ್ರಂಕ್ ಬೋರ್ಡಿನ ಮುಂದೆ ವರ್ಷಗಟ್ಟಲೆ ಕೂತವಳಿಗೆ ಲೈನಿನ ಮೌನದ ಬಗೆಗಳು ಗೊತ್ತು. ಅದು ಲೈನು ಕಡಿದ ಮೌನವಲ್ಲ. ಆಮೇಲೆ ಮೆಲ್ಲಗೆ, "ಅಮ್ಮಾ, ಒಮ್ಮೆ ಡಾಕ್ಟರಿಗೆ ತೋರಿಸೋಣವೇ?" ಎಂದಳು. ಮುಂದಿನ ಇಪ್ಪತ್ತು ನಿಮಿಷ ನಾನು ಅವಳಿಗೆ ಧೈರ್ಯ ಹೇಳಿದೆ. ಮರೆತವಳು ನಾನು, ಸಮಾಧಾನ ಮಾಡಬೇಕಾದವಳೂ ನಾನೇ. ಅವಳದೇನೂ ತಪ್ಪಿಲ್ಲ, ಪ್ರೀತಿ ಇರುವಲ್ಲಿ ಹೆದರಿಕೆಯೂ ಇರುತ್ತದೆ. ಅದೇ ಮಾತನ್ನು ಮರುದಿನ ಬೆಂಚಿನಲ್ಲಿ ಹೇಳಿದೆ. ಮೇಷ್ಟ್ರು, "ಎದುರುಮನೆಯವರದು ತಾನೇ? ನಾನು ಮೊನ್ನೆ ಬ್ಯಾಂಕಿನಲ್ಲಿ ನಾಮಿನಿ ಎಂಬಲ್ಲಿ ಹೆಂಡತಿಯ ಹೆಸರು ಬರೆಯಲು ಪಾಸ್‌ಬುಕ್ ತೆಗೆದೆ" ಎಂದರು. ಡಿಪೋ, "ನಮ್ಮವಳ ಹೆಸರು ನನಗೆ ಗೊತ್ತು, ಅವಳೇ ಐವತ್ತು ವರ್ಷದಿಂದ ನನ್ನನ್ನು ‘ಇವರೇ’ ಎನ್ನುತ್ತಾಳೆ, ನನ್ನ ಹೆಸರು ಅವಳಿಗೆ ನೆನಪಿದೆಯೋ ಇಲ್ಲವೋ ಪರೀಕ್ಷೆ ಮಾಡುವ ಉಪಾಯವೇ ಇಲ್ಲ" ಎಂದರು. ನನ್ನ ಮರೆವು ಹರಾಜಿನಲ್ಲಿ ಅತಿ ಕಡಿಮೆ ಬೆಲೆಗೆ ಹೋಯಿತು. ಯಾರಿಗೂ ನಾನು ಧೈರ್ಯ ಹೇಳಬೇಕಾಗಲಿಲ್ಲ. ಮನೆಗೆ ಹೋಗುವಾಗ ಹಗುರವಾಗಿತ್ತು ಎಂದರೆ ಅದು ನಗುವಿನಿಂದಷ್ಟೇ ಅಲ್ಲ, ಆ ಇಪ್ಪತ್ತು ನಿಮಿಷ ಉಳಿದದ್ದರಿಂದ.

ಹೆಸರು ಮರೆಯುವುದರ ವಿಷಯದಲ್ಲಿ ಬೆಂಚು ಒಂದು ಪದ್ಧತಿಯನ್ನೇ ಬೆಳೆಸಿದೆ. ಕಳೆದ ಶ್ರಾವಣದಲ್ಲಿ ಒಂದು ದಿನ ಡಿಪೋ ಶುರುಮಾಡಿದರು: "ಅದೇ ರೀ, ಆ ನಟ... ಕಿವಿ ಕೇಳುತ್ತಿರಲಿಲ್ಲವಲ್ಲ." ಮುಖ ಐವರಿಗೂ ಕಣ್ಣಮುಂದೆ ಬಂತು. ಹಾಸ್ಯ ಮಾಡುತ್ತಿದ್ದರು, ಖಳನಾಗಿಯೂ ಹೆದರಿಸುತ್ತಿದ್ದರು ಎಂದರು ರಾಯರು. ಅಭಿಮಾನ್ ಸ್ಟುಡಿಯೋ ಕಟ್ಟಿದವರು ಎಂದರು ಸಿಸ್ಟರ್. ಮೂರಕ್ಷರವೋ ಐದಕ್ಷರವೋ ಎಂದು ಮೇಷ್ಟ್ರು ಎಣಿಸತೊಡಗಿದರು. ‘ಬ’ದಿಂದ ಶುರು ಎಂದು ನನಗೆ ಖಚಿತವಿತ್ತು, ಆ ಖಚಿತತೆಯಿಂದ ಬಸವರಾಜನಿಂದ ಬಂಗಾರಪ್ಪನವರೆಗೆ ಹೋಗಿಬಂದೆ. ಹೆಸರು ಮಾತ್ರ ಸಿಗಲಿಲ್ಲ. ಮೊಬೈಲ್ ನೋಡುವುದು ನಮ್ಮಲ್ಲಿ ನಿಷಿದ್ಧ. ಹನ್ನೊಂದು ಗಂಟೆಗೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವ ಹೊತ್ತಿಗೆ ಫೋನ್ ಬಂತು. "ಬಾಲಕೃಷ್ಣ!" ಎಂದು ಮೇಷ್ಟ್ರ ದನಿ, ಇಟ್ಟುಬಿಟ್ಟರು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. ನಾಲ್ಕು ಮನೆಗೂ ಹೀಗೆಯೇ ಒಂದೊಂದು ಪದದ ಕರೆ ಹೋಗಿತ್ತು. ಹಿಂದೆ ಟ್ರಂಕ್ ಕಾಲ್‌ನಲ್ಲಿ ಮೂರು ನಿಮಿಷದ ದುಡ್ಡು ಕಟ್ಟಿ ಇಷ್ಟು ಚಿಕ್ಕದಾಗಿ, ಇಷ್ಟು ಸಂತೋಷದಿಂದ ಯಾರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಏಕೆ ಹೀಗಾಗುತ್ತದೆ ಎಂದು ಓದಿ ತಿಳಿದುಕೊಂಡೆ. ಹೆಸರು ಎಂಬುದು ನೆನಪಿನಲ್ಲಿ ಒಂಟಿಕಾಲಿನಲ್ಲಿ ನಿಂತಿರುವ ವಸ್ತು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದು ಮುಖ ತೋರಿಸಿ ಈತನ ಉಪನಾಮ ಬೇಕರ್ ಎಂದರೆ ಜನ ಮರೆಯುತ್ತಿದ್ದರು. ಈತನ ಉದ್ಯೋಗ ಬೇಕರ್, ಬ್ರೆಡ್ ಸುಡುವವನು ಎಂದರೆ ನೆನಪಿಟ್ಟುಕೊಳ್ಳುತ್ತಿದ್ದರು. ಶಬ್ದ ಒಂದೇ. ನಮ್ಮ ಕಡೆ ಹೇಳುವುದಾದರೆ, ಶಾನುಭೋಗರು ಎಂದೊಡನೆ ಲೆಕ್ಕದ ಪುಸ್ತಕ, ಕಂದಾಯ, ಕಿವಿಯ ಮೇಲಿನ ಲೇಖನಿ ಎಲ್ಲ ಬರುತ್ತದೆ. ಅದೇ ಶಾನುಭೋಗ ಎನ್ನುವುದು ಒಬ್ಬ ಎಂಜಿನಿಯರ್ ಹುಡುಗನ ಅಡ್ಡಹೆಸರಾದರೆ ಅದಕ್ಕೆ ಅಂಟಿಕೊಳ್ಳಲು ಏನೂ ಇಲ್ಲ. ವಯಸ್ಸಾದಂತೆ ಸಡಿಲವಾಗುವುದು ಅರ್ಥವಲ್ಲ, ಅರ್ಥದಿಂದ ಶಬ್ದಕ್ಕೆ ಹೋಗುವ ದಾರಿ. ಆದ್ದರಿಂದಲೇ ಅಭಿಮಾನ್ ಸ್ಟುಡಿಯೋ ನೆನಪಿದೆ, ಕಿವುಡುತನ ನೆನಪಿದೆ, ಮೊದಲಕ್ಷರವೂ ನೆನಪಿದೆ. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ಕೂತಿದೆ. ಹುಡುಕುವುದನ್ನು ಬಿಟ್ಟು ಒಗ್ಗರಣೆಯತ್ತ ತಿರುಗಿದಾಗ ಅದು ತಾನಾಗಿ ಬೀಳುತ್ತದೆ. ಬಿದ್ದರೆ ಚಿಂತೆಯಿಲ್ಲ ಎನ್ನುತ್ತಾರೆ ಸಿಸ್ಟರ್.

ನನ್ನ ವಿಷಯದಲ್ಲಿ ಬೆಂಚಿನವರಿಗೊಂದು ಖಾಯಂ ಆಟವಿದೆ. "08182?" ಎಂದು ಕೇಳುತ್ತಾರೆ. ಶಿವಮೊಗ್ಗ. "08472?" ಕಲಬುರಗಿ. "08392?" ಬಳ್ಳಾರಿ. ಬೆರಳು ತಾನಾಗಿ ಆಡುತ್ತದೆ, ತಪ್ಪುವುದಿಲ್ಲ. ಕೊನೆಗೆ ಗಂಭೀರವಾಗಿ, "ಇವತ್ತು ಬಿಪಿ ಮಾತ್ರೆ ತೆಗೆದುಕೊಂಡಿರಾ?" ಎನ್ನುತ್ತಾರೆ. ನಾನು ಕೆರೆಯ ಕಡೆ ನೋಡುತ್ತೇನೆ. ಒಮ್ಮೆ ಅಡುಗೆಮನೆಗೆ ಹೋಗಿ, ಏಕೆ ಬಂದೆ ಎಂದು ತಿಳಿಯದೆ, ಬಂದ ತಪ್ಪಿಗೆ ಒಂದು ಲೋಟ ನೀರು ಕುಡಿದು ವಾಪಸಾದೆ ಎಂದು ಹೇಳಿದ್ದೆ. "ಅದಕ್ಕೇ ನಿಮ್ಮ ಕಿಡ್ನಿ ಇಷ್ಟು ಚೆನ್ನಾಗಿದೆ" ಎಂದರು ಡಿಪೋ.

ನೋವು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ಕೇಳಿದರೆ, ಸ್ವಲ್ಪ ಹೊತ್ತು ಆಗುತ್ತದೆ. ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜನರ ತೋಳಿಗೆ ಫ್ರಿಜ್‌ನಲ್ಲಿಟ್ಟ ತಣ್ಣನೆಯ ಪಟ್ಟಿಯನ್ನು ಸುತ್ತಿ, ಅಥವಾ ಬಿಪಿ ನೋಡುವ ಪಟ್ಟಿಯನ್ನು ಬಿಗಿಗೊಳಿಸುತ್ತಾ ಹೋಗಿ, ಎಷ್ಟು ತಡೆಯುತ್ತಾರೆ ಎಂದು ಅಳೆದರು. ಆಮೇಲೆ ನಗೆಯ ದೃಶ್ಯಗಳನ್ನು ತೋರಿಸಿ ಮತ್ತೆ ಅಳೆದರು. ಚೆನ್ನಾಗಿ ನಕ್ಕವರು ಮೊದಲಿಗಿಂತ ಹೆಚ್ಚು ತಡೆದುಕೊಂಡರು. ನಗೆ ತರಿಸದ ದೃಶ್ಯ ನೋಡಿದವರಲ್ಲಿ ಹಾಗಾಗಲಿಲ್ಲ. ಹೊಟ್ಟೆ ಅಲ್ಲಾಡುವಂತೆ ನಕ್ಕಾಗ ಮೈಯೊಳಗೇ ಹುಟ್ಟುವ ಎಂಡಾರ್ಫಿನ್ ಇದಕ್ಕೆ ಕಾರಣ ಎಂಬುದು ಅವರ ಊಹೆ. ಇದನ್ನು ಬೆಂಚಿನಲ್ಲಿ ಹೇಳಿದಾಗ ಬಿಪಿ ಪಟ್ಟಿಯ ಭಾಗ ಎಲ್ಲರಿಗೂ ಬಹಳ ಇಷ್ಟವಾಯಿತು. ಆದರೆ ನಗುವಿನಿಂದ ಸವೆದ ಮೆದು ಎಲುಬು ಬೆಳೆಯುವುದಿಲ್ಲ. ಬೆಂಚಿನಿಂದ ಏಳುವಾಗ ಐವರೂ ‘ಅಯ್ಯಪ್ಪಾ’ ಎನ್ನುತ್ತೇವೆ.

ಎಲ್ಲ ಮುದಿತನದ ಹಾಸ್ಯವೂ ಒಂದೇ ಅಲ್ಲ. ಅರವತ್ತರ ಶಾಂತಿಗೆ ಹೋದರೆ ಯಾರಾದರೊಬ್ಬರು ಮೈಕ್ ಹಿಡಿದು, "ಅರವತ್ತಕ್ಕೆ ಅರಳು ಮರಳು ಅಲ್ಲ, ಮರಳಿ ಅರಳು" ಎನ್ನದೆ ಬಿಡುವುದಿಲ್ಲ. ನನಗೆ ಆ ಮಾತು ಕಂಡರಾಗದು. ಅರಳುವುದಕ್ಕೆ ನಾವೇನು ಮಲ್ಲಿಗೆ ಮೊಗ್ಗೇ? ಅರಳು ಮರಳು ಎಂದು ನೇರವಾಗಿ ಹೇಳಿದರೆ ನಗು ಬರುತ್ತದೆ, ಬಣ್ಣ ಬಳಿದರೆ ಬರುವುದಿಲ್ಲ. ಇನ್ನೊಂದು ಬಗೆಯದು ಹೊರಗಿನವರು ನಮ್ಮ ಬಗ್ಗೆ ಮಾಡುವ ತಮಾಷೆ. "ಅತ್ತೆಗೆ ಹೇಳಿ ಪ್ರಯೋಜನವಿಲ್ಲ, ನಾಳೆ ಮರೆತಿರುತ್ತಾರೆ" ಎಂದು ಅಳಿಯ ನಗುತ್ತಾ ಹೇಳಿದ ದಿನ ನಾನೂ ನಕ್ಕೆ, ಆದರೆ ಅಂದು ಸಂಜೆಯವರೆಗೆ ಯಾವ ಲೆಕ್ಕಕ್ಕೂ ಕೈ ಹಾಕಲು ಧೈರ್ಯ ಬರಲಿಲ್ಲ. ಅಮೆರಿಕದ ಬೆಕ್ಕಾ ಲೆವಿ ಎಂಬವರು 2002ರಲ್ಲಿ ಒಂದು ವಿಷಯ ತೋರಿಸಿದ್ದರು: ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು, ಕೆಟ್ಟದಾಗಿ ಭಾವಿಸಿದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ಹಾಗಾದರೆ ದಿನಾ ನಮ್ಮನ್ನು ನಾವೇ ಗುಜರಿ ಗಾಡಿ ಎಂದುಕೊಳ್ಳುವುದು ಒಳ್ಳೆಯದೇ ಎಂದು ನನಗೂ ಅನುಮಾನ ಬಂದಿತ್ತು. ಬೆಂಚಿನ ಮೊದಲ ನಿಯಮ ಇಲ್ಲಿ ಕಾಯುತ್ತದೆ ಅನಿಸುತ್ತದೆ: ತಮಾಷೆ ಅವರವರ ಮೈಯ ಮೇಲೆ ಮಾತ್ರ. ಡಿಪೋ ತಮ್ಮ ಮಂಡಿಯನ್ನು ಗುಜರಿ ಎನ್ನಬಹುದು, ನನ್ನದನ್ನು ಎನ್ನುವಂತಿಲ್ಲ. ಜೊತೆಗೆ, ತನ್ನ ಮಂಡಿಯ ಬಗ್ಗೆ ಇಷ್ಟು ಚುರುಕಾಗಿ ಮಾತಾಡುವವನ ತಲೆ ಗುಜರಿಯಲ್ಲ ಎಂಬುದನ್ನು ಆ ಮಾತೇ ರುಜುವಾತು ಮಾಡುತ್ತಿರುತ್ತದೆ.

ಅಲ್ಲಿಯೇ ನಾವು ಎಡವಿದೆವು.

ರಾಯರದು ಒಂದು ಪ್ರಸಿದ್ಧ ಮಾತಿತ್ತು. ಗಾರ್ಡ್ ಎಂದರೆ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸುವವರು. "ನಾನು ಹಸಿರು ಬಾವುಟ ಹಿಡಿದು ತಯಾರಾಗಿ ನಿಂತಿದ್ದೇನೆ, ಮೇಲಿನವನು ಇನ್ನೂ ಸಿಗ್ನಲ್ ಕೊಟ್ಟಿಲ್ಲ." ಊರು ಹೋಗು ಎನ್ನುತ್ತದೆ ಕಾಡು ಬಾ ಎನ್ನುತ್ತದೆ ಎಂಬ ಗಾದೆಯನ್ನು ಇಷ್ಟು ಚೆನ್ನಾಗಿ ಹಳಿಯ ಮೇಲೆ ತಂದವರು ಬೇರೆ ಇಲ್ಲ. ವಾರಕ್ಕೊಮ್ಮೆ ಹೇಳುತ್ತಿದ್ದರು, ನಾವು ನಗುತ್ತಿದ್ದೆವು. ಹೇಳಿದ್ದನ್ನೇ ಹೇಳುವುದು ಬೆಂಚಿನಲ್ಲಿ ತಪ್ಪಲ್ಲ. ಈ ವರ್ಷದ ಜನವರಿಯ ಒಂದು ಚಳಿಯ ಬೆಳಗ್ಗೆ ಅದನ್ನು ಅರ್ಧ ಗಂಟೆಯಲ್ಲಿ ಮೂರು ಸಲ ಹೇಳಿದರು. ಪ್ರತಿ ಸಲವೂ ಹೊಸದಾಗಿ ಹೇಳುವವರಂತೆ ನಮ್ಮ ಮುಖ ನೋಡಿದರು. ಮೂರು ಸಲವೂ ನಕ್ಕೆವು. ಫೆಬ್ರುವರಿಯಲ್ಲಿ ಒಂದು ದಿನ "ನಾನು ಹಸಿರು ಬಾವುಟ ಹಿಡಿದು..." ಎಂದು ಶುರುಮಾಡಿ ನಿಂತುಬಿಟ್ಟರು. ಕೈ ಮೇಲೆತ್ತಿಯೇ ಇತ್ತು. ಮೇಷ್ಟ್ರು ಮೆಲ್ಲಗೆ, "ಮೇಲಿನವನು ಇನ್ನೂ ಸಿಗ್ನಲ್ ಕೊಟ್ಟಿಲ್ಲ" ಎಂದರು. ರಾಯರು ಗಹಗಹಿಸಿ ನಕ್ಕರು. "ಚೆನ್ನಾಗಿದೆ ಮೇಷ್ಟ್ರೇ, ಎಲ್ಲಿ ಕೇಳಿದಿರಿ?" ಎಂದರು.

ಸಿಸ್ಟರ್ ಅಂದು ನಗಲಿಲ್ಲ. ರಾಯರು ಹೋದ ಮೇಲೆ ಹೇಳಿದರು: ಬಾಲಕೃಷ್ಣನ ಹೆಸರು ಮರೆತು ಹನ್ನೊಂದು ಗಂಟೆಗೆ ನೆನಪಾಗುವುದು ಒಂದು, ಐದು ನಿಮಿಷದ ಹಿಂದೆ ಹೇಳಿದೆ ಎಂಬುದೇ ಅಳಿಸಿಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ವಸ್ತು ಪೆಟ್ಟಿಗೆಯಲ್ಲಿದೆ, ಕೀಲಿಕೈ ಸಿಗುತ್ತಿಲ್ಲ. ಎರಡನೆಯದರಲ್ಲಿ ವಸ್ತು ಪೆಟ್ಟಿಗೆಗೆ ಹೋಗಿಯೇ ಇಲ್ಲ. ಆಗ ನಮಗೂ ಒಂದೊಂದಾಗಿ ಹೊಳೆಯಿತು. ಕಾಫಿಯವನಿಗೆ ಐನೂರರ ನೋಟು ಕೊಟ್ಟು ಚಿಲ್ಲರೆ ಪಡೆಯದೆ ಎರಡು ಸಲ ಬಂದಿದ್ದರು. ಹತ್ತಾರು ವರ್ಷದಿಂದ ಬರುತ್ತಿದ್ದ ಗೇಟನ್ನು ಬಿಟ್ಟು ಒಮ್ಮೆ ಆಚೆ ಬದಿಯ ಗೇಟಿನಲ್ಲಿ ಹೋಗಿ ಅರ್ಧ ಗಂಟೆ ನಿಂತಿದ್ದರು. ಮರುದಿನ ಅದನ್ನು "ಸಿಂಗಲ್ ಲೈನ್, ಎದುರಿನ ಗಾಡಿಗೆ ದಾರಿ ಬಿಟ್ಟೆ" ಎಂದು ಹೇಳಿ ನಗಿಸಿದ್ದರು. ನಾವು ನಕ್ಕಿದ್ದೆವು. ಮನೆಯಲ್ಲೂ ಹೀಗೆಯೇ ಆಗಿತ್ತಂತೆ. ಮಾವನವರು ಮೊದಲಿನಿಂದಲೂ ತಮಾಷೆಯ ಮನುಷ್ಯ ಎಂದು ಸೊಸೆ ತಿಳಿದಿದ್ದರು. ಬೇರೆಯವರಾಗಿದ್ದರೆ ಆರು ತಿಂಗಳ ಮೊದಲೇ ಯಾರಾದರೂ ಗಮನಿಸುತ್ತಿದ್ದರು. ರಾಯರ ಮರೆವು ರಾಯರ ಹಾಸ್ಯದ ಹಿಂದೆ ಅಡಗಿ ಕೂತಿತ್ತು. ತಿಳಿದೇ ಅಡಗಿಸಿದರೋ ಏನೋ, ಕೇಳುವ ಧೈರ್ಯ ನನಗಿಲ್ಲ.

ಮಗನಿಗೆ ಹೇಳಿದವರು ಸಿಸ್ಟರ್. ಡಾಕ್ಟರು ಮೊದಲು ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಿದರು: ಥೈರಾಯ್ಡ್, ಬಿ12, ಮಂಕು ಕವಿದಂತಾಗುವ ಖಿನ್ನತೆ, ತೆಗೆದುಕೊಳ್ಳುವ ಮಾತ್ರೆಗಳು, ಕಿವಿ. ಹುಟ್ಟು ಸಸ್ಯಾಹಾರಿ ರಾಯರಿಗೆ ಬಿ12 ತೀರಾ ಕಡಿಮೆಯಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಗೆಲುವು ಬಂತು, ಕಾಲಿನ ಜೋಮು ಕಮ್ಮಿಯಾಯಿತು, ಆದರೆ ಮರೆವು ಪೂರ್ತಿ ಹೋಗಲಿಲ್ಲ. ಕಾಯಿಲೆ ಶುರುವಾಗಿದೆ ಎಂದರು. ಸಿಸ್ಟರ್ ಆ ವಾರ ಯಾರೂ ಕೇಳದೆಯೇ ಐದು ಕಾಫಿ ತರಿಸಿದರು. ಸಲಹೆ ಕೊಟ್ಟದ್ದಕ್ಕೆ ದಂಡ ಎಂದರು. ಯಾರೂ ಬೇಡ ಎನ್ನಲಿಲ್ಲ.

ಈಗ ರಾಯರು ಮಗನ ಜೊತೆ ವಾರಕ್ಕೆ ಮೂರು ದಿನ ಬರುತ್ತಾರೆ. ಅವರ ಮುಂದೆ ಮರೆವಿನ ಮಾತು ಎತ್ತಬಾರದು ಎಂದು ನಾವು ನಾಲ್ವರು ತೀರ್ಮಾನಿಸಿಕೊಂಡು ಒಂದು ವಾರ ಹವಾಮಾನ, ರಾಜಕೀಯ ಮಾತಾಡಿದೆವು. ಸತ್ತ ವಾರ ಅದು. ಎಂಟನೆಯ ದಿನ ರಾಯರೇ, "ಯಾಕೆ, ಯಾರೂ ಏನೂ ಮರೆಯುತ್ತಿಲ್ಲವೇ? ನಾನೊಬ್ಬನೇ ಎಷ್ಟು ಮರೆಯಲಿ?" ಎಂದರು. ತೀರ್ಮಾನ ಅಲ್ಲಿಗೆ ರದ್ದಾಯಿತು.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ಬದುಕಿದ್ದೇವೆ ಎಂದು ರುಜುವಾತು ಕೊಡಬೇಕು. ಕೇಂದ್ರದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. "ನವೆಂಬರ್‌ವರೆಗೆ ಕಾಯಲು ಸರ್ಕಾರಕ್ಕೂ ಧೈರ್ಯವಿಲ್ಲ" ಎಂಬುದು ಮೇಷ್ಟ್ರ ವ್ಯಾಖ್ಯಾನ. ಎಂಬತ್ತಕ್ಕೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಪೂರ್ತಿ ಶೇಕಡಾ 100. "ಸಮಾಂತರ ಶ್ರೇಢಿಯಲ್ಲಿ ಹೋಗುತ್ತಿದ್ದದ್ದು ನೂರಕ್ಕೆ ಇದ್ದಕ್ಕಿದ್ದಂತೆ ಹಾರಿದೆ. ಇದು ಗಣಿತವಲ್ಲ, ಯಾರೂ ಬರುವುದಿಲ್ಲ ಎಂಬ ಧೈರ್ಯ" ಎಂದೂ ಅವರೇ ಹೇಳಿದ್ದರು.

ಹೋದ ವರ್ಷ ರಾಯರ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ವಯಸ್ಸಾದಂತೆ ಬೆರಳ ಗೆರೆ ಸವೆಯುತ್ತದೆ, ಚರ್ಮ ಒಣಗುತ್ತದೆ. ಕೌಂಟರಿನವರು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹತ್ತೂ ಬೆರಳು ಪರೀಕ್ಷಿಸಿ ಕೈಚೆಲ್ಲಿದ್ದರು. ಈ ಸಲ ಮಗ ತನ್ನ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನವನ್ನು ಬೆಂಚಿನಲ್ಲೇ ಮಾಡಿಸೋಣ ಎಂದು ತಂದ. ಅಕ್ಟೋಬರ್‌ನ ಒಳ್ಳೆಯ ಬೆಳಕು. ಆಧಾರ್ ಸಂಖ್ಯೆ, ಪಿಂಚಣಿ ಸಂಖ್ಯೆ ಎಲ್ಲ ತುಂಬಿಸಿ ಫೋನನ್ನು ರಾಯರ ಮುಖದ ಮುಂದೆ ಹಿಡಿದ. ಪರದೆಯ ಮೇಲೆ ಒಂದು ಗುಂಡು, ಅದರೊಳಗೆ ರಾಯರ ಮುಖ.

"ಅಪ್ಪಾ, ಕಣ್ಣು ಮಿಟುಕಿಸಬೇಕು."

"ಯಾರಿಗೆ?" ಎಂದರು ರಾಯರು.

ಸಿಸ್ಟರ್ ಸೆರಗನ್ನು ಬಾಯಿಗೆ ಒತ್ತಿಕೊಂಡರು. ರಾಯರು ಎಡಗಣ್ಣೊಂದನ್ನೇ ಹೊಡೆದರು. ಫೋನ್ ಒಪ್ಪಲಿಲ್ಲ.

"ಹಾಗಲ್ಲ ಅಪ್ಪಾ, ಎರಡೂ ಕಣ್ಣು ಮುಚ್ಚಿ ತೆರೆಯಬೇಕು."

"ಎರಡೂ ಕಣ್ಣು ಮುಚ್ಚಿದರೆ ಬದುಕಿದ್ದೇನೆ ಎಂದು ಹೇಗೆ ಗೊತ್ತಾಗುತ್ತದೆಯೋ?"

ಮೇಷ್ಟ್ರು ನಕ್ಕ ರಭಸಕ್ಕೆ ಕೋಲು ಕೆಳಗೆ ಬಿತ್ತು. ಮಗ ನಗುತ್ತಿದ್ದರಿಂದ ಫೋನ್ ಅಲ್ಲಾಡಿ ಇನ್ನೆರಡು ಸಲ ಮಾಡಬೇಕಾಯಿತು. ಕೊನೆಗೆ ರಾಯರು ಎರಡೂ ಕಣ್ಣು ಮುಚ್ಚಿ ತೆರೆದರು, ಫೋನಿಗೆ ಸಂದೇಶ ಬಂತು. ಇನ್ನೊಂದು ವರ್ಷಕ್ಕೆ ಅವರು ಬದುಕಿದ್ದಾರೆ.

ಸ್ವಲ್ಪ ಹೊತ್ತು ಕೆರೆಯ ಮೇಲಿನ ಹಕ್ಕಿಗಳನ್ನು ನೋಡುತ್ತಾ ಕೂತಿದ್ದವರು ಮಗನ ಕಡೆ ತಿರುಗಿದರು. "ಏನೋ, ಲೈಫ್ ಸರ್ಟಿಫಿಕೇಟ್ ಮಾಡಿಸಬೇಕಲ್ಲವೇನೋ ಈ ತಿಂಗಳು?"

ಮಗ ಬಾಯಿ ತೆರೆಯುವ ಮೊದಲೇ ಡಿಪೋ ಎದ್ದರು. ಒಂದು, ಎರಡು, ಎರಡೂವರೆ. "ಮಾಡಿಸೋಣ ರಾಯರೇ, ಮೊದಲು ಕಾಫಿ ಕುಡಿಯೋಣ ಬನ್ನಿ."